ದುಡ್ಡಿದೆ, ಆದರೂ ವರ್ಗಾವಣೆ ಆಗುತ್ತಿಲ್ಲ: ಮಕ್ಕಳ ಖಾತೆ, ಜಂಟಿ ಖಾತೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಖಾತೆಯಲ್ಲಿ ಸಾಕಷ್ಟು ದುಡ್ಡಿದೆ. ಖಾತೆ ನಂಬರ್, ಐಎಫ್‌ಎಸ್‌ಸಿ ಎಲ್ಲ ಸರಿ ಇದೆ. ಆದರೂ ವರ್ಗಾವಣೆ ಯಾಕೆ ಆಗುತ್ತಿಲ್ಲ?

ಬ್ಯಾಂಕಿನ ಕಂಪ್ಯೂಟರ್ ಮೊದಲು ನೋಡುವುದು ದುಡ್ಡು ಎಷ್ಟಿದೆ ಎಂದಲ್ಲ. ಕೇಳುತ್ತಿರುವವರಿಗೆ ಆ ದುಡ್ಡು ತೆಗೆಯುವ ಹಕ್ಕು ಇದೆಯೇ ಎಂದು. ಖಾತೆ ತೆರೆದ ದಿನ ಫಾರ್ಮಿನಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಿರುತ್ತೀರಿ. ಖಾತೆಯನ್ನು ಯಾರು ನಡೆಸಬೇಕು, ಒಬ್ಬರ ಸಹಿ ಸಾಕೇ, ಎಲ್ಲರದ್ದೂ ಬೇಕೇ ಎನ್ನುವ ಸಾಲು ಅದು. ಇದಕ್ಕೆ ನಿರ್ವಹಣಾ ಸೂಚನೆ ಎನ್ನುತ್ತಾರೆ. ಬ್ಯಾಂಕಿನವರ ಬಾಯಲ್ಲಿ ‘ಮೋಡ್ ಆಫ್ ಆಪರೇಷನ್’. ಬಹಳ ಜನ ಅದನ್ನು ಓದದೆ, ಕೌಂಟರ್‌ನವರು ತೋರಿಸಿದ ಕಡೆ ಸಹಿ ಹಾಕಿ ಬಂದಿರುತ್ತಾರೆ. ಹತ್ತು ವರ್ಷ ಏನೂ ತೊಂದರೆ ಆಗುವುದಿಲ್ಲ. ಒಂದು ದಿನ ತುರ್ತಾಗಿ ದುಡ್ಡು ಕಳಿಸಬೇಕಾದಾಗ ಆ ಸಾಲು ಅಡ್ಡ ಬರುತ್ತದೆ.

ಆ್ಯಪಿನಲ್ಲಿ ಬರುವ ಸಂದೇಶ ಇದನ್ನು ಬಿಡಿಸಿ ಹೇಳುವುದಿಲ್ಲ. ‘ಈ ಖಾತೆಗೆ ಅನುಮತಿ ಇಲ್ಲ’, ‘ಶಾಖೆಯನ್ನು ಸಂಪರ್ಕಿಸಿ’ ಎಂಬಂಥ ಮಾತು ಬರುತ್ತದೆ, ಅಷ್ಟೇ. ಜನ ನೆಟ್‌ವರ್ಕ್ ಸರಿ ಇಲ್ಲವೇನೋ ಎಂದು ಮತ್ತೆ ಮತ್ತೆ ಒತ್ತುತ್ತಾರೆ. ಒಂದು ಸುಳಿವು ಇದೆ. ನೆಟ್‌ವರ್ಕಿನ ತೊಂದರೆಯಾದರೆ ಸ್ವಲ್ಪ ಹೊತ್ತಿನ ಮೇಲೆ ಸರಿಹೋಗುತ್ತದೆ. ಅನುಮತಿಯ ತೊಂದರೆಯಾದರೆ ನೂರು ರೂಪಾಯಿ ಕಳಿಸಲು ನೋಡಿದರೂ, ಬೆಳಿಗ್ಗೆ ನೋಡಿದರೂ, ರಾತ್ರಿ ನೋಡಿದರೂ ಅದೇ ಉತ್ತರ. ನೂರು ಹೋಗಿ ದೊಡ್ಡ ಮೊತ್ತ ಮಾತ್ರ ನಿಂತರೆ ಅದು ಮಿತಿಯ ತೊಂದರೆ.

ನನ್ನ ಖಾತೆಯಲ್ಲಿ ಯಾವ ಸೂಚನೆ ಇದೆ ಎಂದು ಎಲ್ಲಿ ನೋಡಬೇಕು?

ಪಾಸ್‌ಬುಕ್ಕಿನ ಮೊದಲ ಪುಟ ತೆಗೆಯಿರಿ. ಹೆಸರು, ವಿಳಾಸದ ಹತ್ತಿರವೇ ‘Mode of Operation’ ಅಥವಾ ‘MOP’ ಎಂದು ಇರುತ್ತದೆ. ಅದರ ಮುಂದೆ ‘SINGLE’, ‘E OR S’, ‘F OR S’, ‘JOINTLY’ ಇವುಗಳಲ್ಲಿ ಒಂದು ಇರಬಹುದು. ಅಲ್ಲಿ ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿದರೆ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

E OR S, ಅಂದರೆ ಐದರ್ ಆರ್ ಸರ್ವೈವರ್ ಎಂದಿದ್ದರೆ ಇಬ್ಬರಲ್ಲಿ ಯಾರು ಬೇಕಾದರೂ ಒಬ್ಬರೇ ದುಡ್ಡು ತೆಗೆಯಬಹುದು. ಒಬ್ಬರು ತೀರಿಕೊಂಡರೆ ಉಳಿದವರಿಗೆ ಸಿಗುತ್ತದೆ. ಮೂರು ಜನರಿದ್ದರೆ ಇದನ್ನೇ ಎನಿವನ್ ಆರ್ ಸರ್ವೈವರ್ ಎನ್ನುತ್ತಾರೆ. F OR S, ಅಂದರೆ ಫಾರ್ಮರ್ ಆರ್ ಸರ್ವೈವರ್ ಎಂದಿದ್ದರೆ ಮೊದಲ ಹೆಸರಿನವರು ಮಾತ್ರ. ಅವರು ಬದುಕಿರುವವರೆಗೆ ಎರಡನೆಯವರ ಸಹಿಗೆ ಬೆಲೆ ಇಲ್ಲ. ಜಾಯಿಂಟ್ಲಿ ಎಂದಿದ್ದರೆ ಪ್ರತಿ ಸಲವೂ ಎಲ್ಲರ ಸಹಿ ಬೇಕು.

ಖಾತೆಯಲ್ಲಿ ನನ್ನ ಹೆಸರೂ ಇದೆ. ಆದರೆ ಯಜಮಾನರ ಆ್ಯಪಿನಲ್ಲಿ ಕೆಲಸ ಮಾಡುತ್ತದೆ, ನನ್ನದರಲ್ಲಿ ಬ್ಯಾಲೆನ್ಸ್ ಮಾತ್ರ ಕಾಣುತ್ತದೆ. ಯಾಕೆ?

ಎರಡು ಕಾರಣ ಇರಬಹುದು. ಒಂದು, ಖಾತೆ ಫಾರ್ಮರ್ ಆರ್ ಸರ್ವೈವರ್ ಆಗಿದ್ದು ಯಜಮಾನರು ಮೊದಲ ಹೆಸರಿನಲ್ಲಿದ್ದಾರೆ. ಆಗ ಬ್ಯಾಂಕು ನಿಮಗೆ ನೋಡುವ ಹಕ್ಕು ಮಾತ್ರ ಕೊಟ್ಟಿರುತ್ತದೆ. ಇದು ತಪ್ಪಲ್ಲ, ಆ ಸೂಚನೆಯ ಅರ್ಥವೇ ಅದು.

ಇನ್ನೊಂದು, ಸೂಚನೆ ಐದರ್ ಆರ್ ಸರ್ವೈವರ್ ಆಗಿಯೇ ಇದೆ, ಆದರೆ ನಿಮ್ಮ ಗ್ರಾಹಕ ಸಂಖ್ಯೆಗೆ ವಹಿವಾಟಿನ ಹಕ್ಕು ಜೋಡಿಸಿಲ್ಲ. ಜಂಟಿ ಖಾತೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಗ್ರಾಹಕ ಸಂಖ್ಯೆ, ಬೇರೆ ಮೊಬೈಲ್ ನಂಬರ್ ಇರಬೇಕು. ಖಾತೆ ತೆರೆಯುವಾಗ ಇಬ್ಬರಿಗೂ ಒಂದೇ ಮೊಬೈಲ್ ನಂಬರ್ ಕೊಟ್ಟಿದ್ದರೆ ಒಟಿಪಿ ಒಬ್ಬರಿಗೆ ಮಾತ್ರ ಹೋಗುತ್ತದೆ. ಯುಪಿಐ ಕೂಡ ಮೊಬೈಲ್ ನಂಬರ್ ಹಿಡಿದೇ ಖಾತೆ ಹುಡುಕುವುದರಿಂದ ನಿಮ್ಮ ಫೋನಿನಲ್ಲಿ ಆ ಖಾತೆ ಕಾಣಿಸುವುದೇ ಇಲ್ಲ. ಇದು ಸುಲಭವಾಗಿ ಸರಿಯಾಗುವ ವಿಷಯ. ಶಾಖೆಗೆ ಹೋಗಿ ನಿಮ್ಮ ನಂಬರ್ ಸೇರಿಸಿ, ನೆಟ್ ಬ್ಯಾಂಕಿಂಗಿಗೆ ಬೇರೆ ಅರ್ಜಿ ಕೊಡಿ.

ಮೊದಲನೆಯ ಕಾರಣವಾದರೆ ಸೂಚನೆಯನ್ನೇ ಬದಲಿಸಬೇಕು. ಅದಕ್ಕೆ ಎಲ್ಲ ಖಾತೆದಾರರ ಸಹಿ ಬೇಕು. ನೀವೊಬ್ಬರೇ ಹೋಗಿ ಬರೆದುಕೊಟ್ಟರೆ ನಡೆಯುವುದಿಲ್ಲ.

ಜಾಯಿಂಟ್ಲಿ ಖಾತೆಗೆ ಎಟಿಎಂ ಕಾರ್ಡು, ಯುಪಿಐ ಕೊಡುವುದಿಲ್ಲ ಎಂದರು. ಹಾಗೂ ಉಂಟೇ?

ಉಂಟು. ಎಟಿಎಂ ಪಿನ್ ಒಬ್ಬರೇ ಒತ್ತುವುದು, ಯುಪಿಐ ಪಿನ್ನೂ ಒಬ್ಬರೇ ಒತ್ತುವುದು. ಇಬ್ಬರೂ ಒಪ್ಪಬೇಕು ಎನ್ನುವ ಖಾತೆಗೆ ಅದು ಹೊಂದುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ ಚೆಕ್ ಅಥವಾ ಶಾಖೆಯ ಫಾರ್ಮ್ ಮಾತ್ರ ದಾರಿ, ಅದರ ಮೇಲೆ ಎಲ್ಲರ ಸಹಿ.

ಅಣ್ಣ ತಮ್ಮಂದಿರು ಆಸ್ತಿ ಮಾರಿದ ದುಡ್ಡನ್ನು ಪಾಲಾಗುವವರೆಗೆ ಇಡುವುದಕ್ಕೆ ಜಾಯಿಂಟ್ಲಿ ಒಳ್ಳೆಯದು. ಗಂಡ ಹೆಂಡತಿ ಮನೆ ಖರ್ಚಿನ ಖಾತೆಗೆ ಇದನ್ನು ಹಾಕಿಕೊಳ್ಳುವುದು ಸುಮ್ನೆ ತಲೆನೋವು ಎಂದು ನನ್ನ ಅಭಿಪ್ರಾಯ. ಒಬ್ಬರು ಆಸ್ಪತ್ರೆಯಲ್ಲಿದ್ದರೆ ಅವರ ಸಹಿ ತರುವವರೆಗೆ ಆಸ್ಪತ್ರೆಯ ಬಿಲ್ಲೇ ಕಟ್ಟಲಾಗುವುದಿಲ್ಲ.

ನಾನು ಕೊಟ್ಟ ಚೆಕ್ ವಾಪಸ್ ಬಂತು. ಖಾತೆಯಲ್ಲಿ ದುಡ್ಡಿತ್ತು. ಇದು ಚೆಕ್ ಬೌನ್ಸ್ ಕೇಸ್ ಆಗುತ್ತದೆಯೇ?

ಮೊದಲು ವಾಪಸಾದ ಚೆಕ್ಕಿನ ಜೊತೆ ಬಂದ ಮೆಮೊ ಓದಿ. ದುಡ್ಡು ಸಾಲದೆ ಬಂದರೆ ‘Funds Insufficient’ ಎಂದಿರುತ್ತದೆ. ‘Drawer's signature not as per mandate’ ಎಂದಿದ್ದರೆ ಇಬ್ಬರು ಹಾಕಬೇಕಾದ ಕಡೆ ಒಬ್ಬರೇ ಸಹಿ ಹಾಕಿದ್ದೀರಿ, ಅಥವಾ ಹಕ್ಕಿಲ್ಲದವರು ಹಾಕಿದ್ದಾರೆ ಎಂದು ಅರ್ಥ. ‘Drawer's signature differs’ ಎಂದರೆ ಬೇರೆ ಕಥೆ. ಸರಿಯಾದವರೇ ಹಾಕಿದ್ದಾರೆ, ಆದರೆ ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ ಹೊಂದುತ್ತಿಲ್ಲ.

ಹೀಗೆ ವಾಪಸಾದರೆ ಕೂಡಲೇ ಚೆಕ್ ಪಡೆದವರಿಗೆ ಫೋನ್ ಮಾಡಿ, ಸರಿಯಾದ ಸಹಿಗಳಿರುವ ಹೊಸ ಚೆಕ್ ಕೊಡಿ. ಸಹಿಯ ಕಾರಣವಾದ್ದರಿಂದ ಕೇಸ್ ಹಾಕಲು ಆಗುವುದಿಲ್ಲ ಎಂದು ನೆಮ್ಮದಿಯಾಗಿ ಕೂರಬೇಡಿ. ಬೇಕೆಂದೇ ತಪ್ಪು ಸಹಿ ಹಾಕಿ ಕೊಡುವವರೂ ಇದ್ದಾರೆ. ಹಾಗಾಗಿ ಸಹಿ ಹೊಂದದೆ ವಾಪಸಾದ ಚೆಕ್ಕಿಗೂ ಚೆಕ್ ಬೌನ್ಸ್ ಕೇಸಿನ 138ನೇ ಸೆಕ್ಷನ್ ಅನ್ವಯಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಎಫ್‌ಡಿ ಐದರ್ ಆರ್ ಸರ್ವೈವರ್. ಅವಧಿಗೆ ಮೊದಲೇ ಮುರಿಸಲು ಹೋದರೆ ಇಬ್ಬರ ಸಹಿ ಕೇಳುತ್ತಿದ್ದಾರೆ. ಇದು ಸರಿಯೇ?

ಸರಿ. ಇಲ್ಲಿ ಬಹಳ ಜನ ಬ್ಯಾಂಕಿನವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಅವಧಿ ಮುಗಿದ ಮೇಲೆ ದುಡ್ಡು ಪಡೆಯಲು ಒಬ್ಬರ ಸಹಿ ಸಾಕು. ಅವಧಿಗೆ ಮೊದಲು ಮುರಿಸಬೇಕಾದರೆ ಇಬ್ಬರೂ ಬದುಕಿದ್ದಾಗ ಇಬ್ಬರ ಸಹಿಯನ್ನೂ ಬ್ಯಾಂಕು ಕೇಳಬಹುದು. ರಿಸರ್ವ್ ಬ್ಯಾಂಕಿನ ಸೂಚನೆಯೇ ಹಾಗಿದೆ. ಆನ್‌ಲೈನಿನಲ್ಲಿ ಮುರಿಸುವ ಬಟನ್ ಕೆಲಸ ಮಾಡದಿರುವುದಕ್ಕೂ ಹೆಚ್ಚಾಗಿ ಇದೇ ಕಾರಣ.

ಮಗ ದುಬೈಯಲ್ಲಿದ್ದಾನೆ. ಅವನ ಎನ್‌ಆರ್‌ಇ ಖಾತೆಯಲ್ಲಿ ನನ್ನ ಹೆಸರೂ ಇದೆ. ಆದರೂ ನಾನು ದುಡ್ಡು ತೆಗೆಯಲು ಆಗುತ್ತಿಲ್ಲ.

ಭಾರತದಲ್ಲಿರುವ ಹತ್ತಿರದ ಸಂಬಂಧಿಯನ್ನು ಎನ್‌ಆರ್‌ಇ ಖಾತೆಗೆ ಸೇರಿಸುವುದು ಫಾರ್ಮರ್ ಆರ್ ಸರ್ವೈವರ್ ಎಂದೇ. ಮಗ ಮೊದಲ ಹೆಸರು, ನೀವು ಎರಡನೆಯವರು. ಅವನು ಇರುವವರೆಗೆ ಹೆಸರಿನ ಬಲದಿಂದ ನೀವು ಏನೂ ತೆಗೆಯುವಂತಿಲ್ಲ. ನೀವು ಖಾತೆ ನಡೆಸಬೇಕಾದರೆ ಮಗ ನಿಮಗೆ ಮುಖ್ತಿಯಾರು ಪತ್ರ ಕೊಟ್ಟು ಅದನ್ನು ಬ್ಯಾಂಕಿನಲ್ಲಿ ನೋಂದಾಯಿಸಬೇಕು. ಅದಿದ್ದರೂ ಇಲ್ಲಿನ ಖರ್ಚುಗಳಿಗೆ ಕೊಡುವುದು, ಮಗನಿಗೇ ಕಳಿಸುವುದು ಇಂಥವು ಮಾತ್ರ ಆಗುತ್ತವೆ. ಅವನ ಪರವಾಗಿ ಬೇರೆಯವರಿಗೆ ಉಡುಗೊರೆಯಾಗಿ ಕೊಡಲು ಬರುವುದಿಲ್ಲ.

ಮಗುವಿನ ಖಾತೆ ನನ್ನ ಹೆಂಡತಿ ತೆರೆದಿದ್ದು. ನಾನು ತಂದೆ, ನಾನು ಸಹಿ ಹಾಕಿದರೆ ಯಾಕೆ ಒಪ್ಪುವುದಿಲ್ಲ?

ಬ್ಯಾಂಕಿನ ದಾಖಲೆಯಲ್ಲಿ ಪೋಷಕರು ಎಂದು ಯಾರ ಹೆಸರಿದೆಯೋ ಅವರ ಸಹಿ ಮಾತ್ರ ನಡೆಯುತ್ತದೆ. ತಾಯಿಯನ್ನು ಪೋಷಕರನ್ನಾಗಿ ಇಟ್ಟುಕೊಂಡು ಮಗುವಿನ ಖಾತೆ ತೆರೆಯಲು ರಿಸರ್ವ್ ಬ್ಯಾಂಕು ಬಹಳ ಹಿಂದಿನಿಂದ ಅವಕಾಶ ಕೊಟ್ಟಿದೆ. ಹಾಗೆ ತೆರೆದ ಮೇಲೆ ಆ ಖಾತೆಯ ಮಟ್ಟಿಗೆ ತಾಯಿಯೇ ಸಹಿದಾರರು. ತಂದೆ ಎನ್ನುವ ಕಾರಣಕ್ಕೆ ಮಧ್ಯೆ ಬಂದು ಸಹಿ ಹಾಕಲು ಆಗುವುದಿಲ್ಲ.

ಅಜ್ಜ ಅಜ್ಜಿಯ ವಿಷಯದಲ್ಲಿ ಇದು ಇನ್ನೂ ಕಷ್ಟ. ಮಗುವನ್ನು ಹುಟ್ಟಿದಾಗಿನಿಂದ ಅಜ್ಜಿಯೇ ಸಾಕಿರಬಹುದು, ಆದರೆ ಕಾನೂನಿನ ಲೆಕ್ಕದಲ್ಲಿ ಅಜ್ಜಿ ಸಹಜ ಪೋಷಕರಲ್ಲ. ದಾಖಲೆಯಲ್ಲಿದ್ದ ಪೋಷಕರು ತೀರಿಕೊಂಡರೆ ಉಳಿದ ತಂದೆ ಅಥವಾ ತಾಯಿ ಮರಣ ಪ್ರಮಾಣಪತ್ರ ಕೊಟ್ಟು ತಮ್ಮ ಹೆಸರಿಗೆ ಬದಲಿಸಿಕೊಳ್ಳಬಹುದು. ಇಬ್ಬರೂ ಇಲ್ಲದಿದ್ದರೆ ಅಜ್ಜಿ ಕೋರ್ಟಿನಿಂದ ಪೋಷಕರ ನೇಮಕದ ಆದೇಶ ತರಬೇಕಾಗುತ್ತದೆ. ಅಲ್ಲಿಯವರೆಗೆ ಖಾತೆಗೆ ದುಡ್ಡು ಬರಬಹುದು, ಹೋಗಲಾರದು.

ಮಗನಿಗೆ 12 ವರ್ಷ. ಅವನ ಖಾತೆಯಿಂದ 8,000 ರೂಪಾಯಿ ಕಳಿಸಲು ಹೋದರೆ ಆಗಲಿಲ್ಲ. 1,000 ಹೋಯಿತು.

ಇದು ಮಿತಿ. 10 ವರ್ಷ ತುಂಬಿದ ಮಕ್ಕಳು ತಾವೇ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಆದರೆ ಎಷ್ಟು ಮೊತ್ತದವರೆಗೆ ಎನ್ನುವುದನ್ನು ಬ್ಯಾಂಕುಗಳಿಗೇ ಬಿಟ್ಟಿದೆ. 2025ರ ಏಪ್ರಿಲ್‌ನಲ್ಲಿ ಬಂದ ಸುತ್ತೋಲೆಯಲ್ಲೂ ಹೀಗೇ ಇದೆ. ಎಟಿಎಂ ಕಾರ್ಡು, ನೆಟ್ ಬ್ಯಾಂಕಿಂಗ್, ಚೆಕ್ ಬುಕ್ ಕೊಡಬೇಕೋ ಬೇಡವೋ ಎನ್ನುವುದೂ ಬ್ಯಾಂಕಿನ ಇಷ್ಟ. ಹಾಗಾಗಿ ಪಕ್ಕದ ಮನೆಯ ಹುಡುಗನ ಖಾತೆಯಲ್ಲಿ ಆದದ್ದು ನಿಮ್ಮ ಮಗನದ್ದರಲ್ಲಿ ಆಗದಿರಬಹುದು. ಮಕ್ಕಳ ಖಾತೆಗೆ ದಿನಕ್ಕೆ 2,000 ಅಥವಾ 5,000 ರೂಪಾಯಿಯಂಥ ಸಣ್ಣ ಮಿತಿ ಇರುವುದು ಸಾಮಾನ್ಯ. ಮೊಬೈಲಿನಲ್ಲಿ ಒಂದು ಮಿತಿ, ಎಟಿಎಂನಲ್ಲಿ ಇನ್ನೊಂದು ಇರಬಹುದು.

ಇದನ್ನು ಆ್ಯಪಿನಲ್ಲಿ ‘ಲಿಮಿಟ್ ಹೆಚ್ಚಿಸಿ’ ಎಂದು ಬದಲಿಸಲು ಆಗುವುದಿಲ್ಲ. ಆ ಮಿತಿ ಖಾತೆಯ ಬಗೆಗೇ ಅಂಟಿಕೊಂಡಿದೆ. ಪೋಷಕರು ನಡೆಸುವ ಖಾತೆಯಾದರೆ ಅವರು ಶಾಖೆಗೆ ಹೋಗಿ ಫಾರ್ಮಿನಲ್ಲಿ ದೊಡ್ಡ ಮೊತ್ತ ಕಳಿಸಬಹುದು. ಈ ದುಡ್ಡು ಮಗುವಿನ ಒಳಿತಿಗೇ ಬಳಸುತ್ತೇನೆ ಎಂದು ಕೆಲವು ಕಡೆ ಬರೆಸಿಕೊಳ್ಳುತ್ತಾರೆ.

ಒಂದು ಬದಿ ಮಾತು. ಮಕ್ಕಳ ಖಾತೆಯಲ್ಲಿ ಎಷ್ಟು ದುಡ್ಡು ಇರಬಹುದು ಎನ್ನುವುದಕ್ಕೂ ಮಿತಿ ಇಟ್ಟಿರುವ ಬ್ಯಾಂಕುಗಳಿವೆ. ಅಂಥ ಖಾತೆಗೆ ಅಜ್ಜ ದೊಡ್ಡ ಮೊತ್ತ ಕಳಿಸಿದರೆ ಅದು ಸೇರದೆ ಅವರ ಖಾತೆಗೇ ವಾಪಸಾಗಬಹುದು. ಆಗ ಎಲ್ಲರೂ ಕಳಿಸಿದವರ ಬ್ಯಾಂಕಿಗೆ ಬಯ್ಯುತ್ತಾರೆ.

ಮಗಳಿಗೆ 18 ತುಂಬಿತು. ಅಲ್ಲಿಯವರೆಗೆ ಸರಿಯಿದ್ದ ಖಾತೆ ಒಮ್ಮೆಲೇ ನಿಂತುಹೋಯಿತು. ಈಗ ಏನು ಮಾಡಬೇಕು?

ಕರ್ನಾಟಕದಲ್ಲಿ ಈ ಪ್ರಶ್ನೆ ಜಾಸ್ತಿ ಬರುವುದು ಸಿಇಟಿ ಸೀಟು ಹಂಚಿಕೆಯ ಹೊತ್ತಿನಲ್ಲಿ. ಪಿಯುಸಿ ಮುಗಿಸಿದ ಮಕ್ಕಳಿಗೆ 18 ತುಂಬುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಶುಲ್ಕ ಕಟ್ಟಲು ಕೆಲವೇ ದಿನ ಇರುತ್ತದೆ. ಒಂದು ಸಂದರ್ಭವನ್ನು ಪೂರ್ತಿ ನೋಡೋಣ.

ದಾವಣಗೆರೆಯ ಒಂದು ಮನೆ ಎಂದುಕೊಳ್ಳಿ. ಮಗಳಿಗೆ 8 ವರ್ಷವಿದ್ದಾಗ ತಂದೆ ಪೋಷಕರಾಗಿ ಖಾತೆ ತೆರೆದಿದ್ದಾರೆ. ಈಗ ಅದರಲ್ಲಿ 1,12,000 ರೂಪಾಯಿ ಇದೆ. ಜೂನ್ ತಿಂಗಳಲ್ಲಿ ಮಗಳಿಗೆ 18 ತುಂಬಿತು. ಮುಂದೆ ಸೀಟು ಸಿಕ್ಕಾಗ 78,500 ರೂಪಾಯಿ ಕಟ್ಟಬೇಕು. ತಂದೆ ತಮ್ಮ ಮೊಬೈಲಿನಿಂದ ಪ್ರಯತ್ನಿಸುತ್ತಾರೆ, ಅನುಮತಿ ಇಲ್ಲ ಎಂದು ಬರುತ್ತದೆ. ಮಿತಿ ಇರಬಹುದು ಎಂದು 1,000 ಕಳಿಸಿ ನೋಡುತ್ತಾರೆ, ಅದೂ ಇಲ್ಲ. ಶಾಖೆಗೆ ಹೋಗಿ ತಾವೇ ಸಹಿ ಹಾಕಿದ ಫಾರ್ಮ್ ಕೊಡುತ್ತಾರೆ. ಅದು ವಾಪಸ್. ಸರಿ, ಮಗಳೇ ಸಹಿ ಹಾಕಲಿ ಎಂದರೆ ಅದೂ ನಡೆಯುವುದಿಲ್ಲ, ಏಕೆಂದರೆ ಅವಳ ಮಾದರಿ ಸಹಿ ಬ್ಯಾಂಕಿನಲ್ಲಿ ಇಲ್ಲ.

ಅಂದರೆ ಆ ದಿನ ಆ ಖಾತೆಯಿಂದ ದುಡ್ಡು ತೆಗೆಯಬಲ್ಲವರು ಯಾರೂ ಇಲ್ಲ. ತಂದೆಯ ಹಕ್ಕು ಮಗಳಿಗೆ 18 ತುಂಬಿದ ದಿನವೇ ಮುಗಿಯಿತು. ಮಗಳ ಹಕ್ಕು ಕಾನೂನಿನಲ್ಲಿ ಶುರುವಾಗಿದೆ, ಬ್ಯಾಂಕಿನ ದಾಖಲೆಯಲ್ಲಿ ಇನ್ನೂ ಆಗಿಲ್ಲ.

ಬಿಡಿಸುವ ದಾರಿ ಹೀಗೆ. ಮಗಳು ತಾನೇ ಶಾಖೆಗೆ ಹೋಗಬೇಕು, ತಂದೆಯೂ ಜೊತೆಗಿರಬೇಕು. ಆಧಾರ್, ಫೋಟೊ, ಪ್ಯಾನ್ ಬೇಕು. ಪ್ಯಾನ್ ಇಲ್ಲದಿದ್ದರೆ ಅದರ ಬದಲಿ ಘೋಷಣೆಯ ಫಾರ್ಮ್ ಅಲ್ಲೇ ಕೊಡುತ್ತಾರೆ. ಚಿಕ್ಕವಳಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡ್ ಇದ್ದರೆ ಅದರಲ್ಲಿ ಅವಳ ಫೋಟೊ, ಸಹಿ ಎರಡೂ ಇರುವುದಿಲ್ಲ. ನಂಬರ್ ಅದೇ ಉಳಿಯುತ್ತದೆ, ಆದರೆ ಕಾರ್ಡನ್ನು ಸಹಿಯ ದಾಖಲೆಯಾಗಿ ಒಪ್ಪುವುದಿಲ್ಲ. ಅಪ್ರಾಪ್ತರ ಖಾತೆಯನ್ನು ವಯಸ್ಕರ ಖಾತೆಯಾಗಿ ಬದಲಿಸುವ ಅರ್ಜಿಯಲ್ಲಿ ಮಗಳ ಮಾದರಿ ಸಹಿ ಮತ್ತು ಹೊಸ ನಿರ್ವಹಣಾ ಸೂಚನೆ ಬರೆಯಬೇಕು. ಇಲ್ಲಿಯವರೆಗೆ ಪೋಷಕರು ನಡೆಸಿದ ಖಾತೆಯಾದ್ದರಿಂದ ಅದರಲ್ಲಿರುವ ಬ್ಯಾಲೆನ್ಸ್ ಸರಿಯಿದೆ ಎಂದು ದೃಢಪಡಿಸಬೇಕು. ಇವೆಲ್ಲ ರಿಸರ್ವ್ ಬ್ಯಾಂಕು ಹೇಳಿರುವ ಕ್ರಮಗಳೇ.

ಆಮೇಲೆ ಜನ ಮರೆಯುವ ಒಂದು ಕೆಲಸ ಇದೆ, ಮೊಬೈಲ್ ನಂಬರ್. ಖಾತೆ ಬದಲಾದರೂ ಒಟಿಪಿ ತಂದೆಯ ಫೋನಿಗೇ ಹೋಗುತ್ತಿದ್ದರೆ ಮಗಳು ಹಾಸ್ಟೆಲಿನಲ್ಲಿ ಕೂತು ಏನೂ ಮಾಡಲಾರಳು. ಅದೇ ದಿನ ನಂಬರ್ ಬದಲಿಸಿ.

ಶುಲ್ಕದ ಕಡೇ ದಿನ ಹತ್ತಿರ ಇದ್ದರೆ ಆನ್‌ಲೈನ್ ಹಕ್ಕು ಬರುವವರೆಗೆ ಕಾಯಬೇಡಿ. ಹೊಸ ಯೂಸರ್ ಐಡಿ ಬರಬೇಕು, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಹೆಚ್ಚು ದುಡ್ಡು ಕಳಿಸಲು ಎಷ್ಟೋ ಬ್ಯಾಂಕುಗಳು ಬಿಡುವುದಿಲ್ಲ. ದಾಖಲೆ ಬದಲಾದ ಕೂಡಲೇ ಮಗಳ ಸಹಿಯಿಂದ ಕೌಂಟರ್‌ನಲ್ಲೇ ನೆಫ್ಟ್ ಫಾರ್ಮ್ ಕೊಡಿ. ಆರ್‌ಟಿಜಿಎಸ್ ಕೇಳಬೇಡಿ, ಅದು 2 ಲಕ್ಷಕ್ಕಿಂತ ಕಡಿಮೆ ಮೊತ್ತಕ್ಕೆ ಇಲ್ಲ. ಇನ್ನೂ ಸುಲಭದ ದಾರಿ, ತಂದೆ ತಮ್ಮ ಸ್ವಂತ ಖಾತೆಯಿಂದ ಶುಲ್ಕ ಕಟ್ಟಿಬಿಡುವುದು. ಆಮೇಲೆ ಮಗಳು ನಿಧಾನವಾಗಿ ಅಪ್ಪನಿಗೆ ವಾಪಸ್ ಕಳಿಸಲಿ. ಸೀಟು ಕಳೆದುಕೊಳ್ಳುವುದಕ್ಕಿಂತ ಇದು ವಾಸಿ ಅಲ್ವಾ?

18 ತುಂಬುವ ಮೊದಲೇ ಗ್ರಾಹಕರಿಗೆ ತಿಳಿಸಿ ಹೊಸ ಸಹಿ ಪಡೆಯಬೇಕು ಎಂದು ಬ್ಯಾಂಕುಗಳಿಗೆ ಸೂಚನೆ ಇದೆ. ಎಸ್‌ಎಂಎಸ್ ಬಂದಿರುತ್ತದೆ, ಸಾಲದ ಜಾಹೀರಾತುಗಳ ಮಧ್ಯೆ ಮುಳುಗಿಹೋಗಿರುತ್ತದೆ.

ಮಗಳ ಹೆಸರಿನ ಮ್ಯೂಚುವಲ್ ಫಂಡಿಗೆ ಹೋಗುತ್ತಿದ್ದ ತಿಂಗಳ ಕಂತೂ ನಿಂತಿದೆ. ಅದೂ ಇದರಿಂದಲೇ?

ಹೌದು. ಅಲ್ಲೂ ಪೋಷಕರ ಸಹಿಯ ಮೇಲೆ ನಡೆಯುತ್ತಿದ್ದ ಕಂತು 18ಕ್ಕೆ ನಿಲ್ಲುತ್ತದೆ. ಮೊದಲು ಬ್ಯಾಂಕ್ ಖಾತೆ ಸರಿಮಾಡಿ, ಆಮೇಲೆ ಫಂಡಿನವರಿಗೆ ಅರ್ಜಿ ಕೊಡಿ. ಅವರು ಮಗಳ ಸಹಿಯನ್ನು ಬ್ಯಾಂಕಿನವರಿಂದ ದೃಢೀಕರಿಸಿ ತನ್ನಿ ಎನ್ನುತ್ತಾರೆ. ಹಾಗಾಗಿ ಈ ಕ್ರಮ ತಿರುಗುಮುರುಗಾದರೆ ಎರಡು ಸಲ ಓಡಾಡಬೇಕು.

ನಮ್ಮದು ಅಪಾರ್ಟ್‌ಮೆಂಟ್ ಸಂಘದ ಖಾತೆ. ಸೆಕ್ಯುರಿಟಿಯವರ ಸಂಬಳ ಕಳಿಸಿದ್ದೇವೆ, ಮೂರು ದಿನವಾದರೂ ಹೋಗಿಲ್ಲ. ದುಡ್ಡೂ ಕಡಿತವಾಗಿಲ್ಲ.

ಬಹುಶಃ ಅದು ಒಪ್ಪಿಗೆಗೆ ಕಾಯುತ್ತಾ ಕೂತಿದೆ. ಸಂಘದ ಖಾತೆಯಲ್ಲಿ ಒಬ್ಬರು ವಹಿವಾಟು ನಮೂದಿಸುತ್ತಾರೆ, ಇನ್ನೊಬ್ಬರು ಒಪ್ಪಬೇಕು. ಮೇಕರ್, ಚೆಕರ್ ಎನ್ನುವುದು ಇದಕ್ಕೇ. ಇದರ ಮೇಲೆ ಮೊತ್ತದ ಮೆಟ್ಟಿಲು ಇರುತ್ತದೆ. 25,000ದವರೆಗೆ ಖಜಾಂಚಿ ಒಬ್ಬರೇ, ಅದಕ್ಕಿಂತ ಹೆಚ್ಚಾದರೆ ಅಧ್ಯಕ್ಷರೂ ಒಪ್ಪಬೇಕು ಎಂದು ನಿಮ್ಮದೇ ಸಭೆಯ ಠರಾವಿನಲ್ಲಿ ಬರೆದುಕೊಟ್ಟಿರುತ್ತೀರಿ. ನೆಟ್ ಬ್ಯಾಂಕಿಂಗಿನಲ್ಲಿ ‘Pending for Authorisation’ ಎಂಬಂಥ ಪಟ್ಟಿ ನೋಡಿ. ಅಲ್ಲಿ ನಿಮ್ಮ ವಹಿವಾಟು ಇದ್ದರೆ ಅಧ್ಯಕ್ಷರಿಗೆ ಫೋನ್ ಮಾಡಿ ಒಪ್ಪಲು ಹೇಳಿ. ಗಡುವು ದಾಟಿದರೆ ಅದು ತಾನಾಗಿ ರದ್ದಾಗುತ್ತದೆ, ಮತ್ತೆ ಮೊದಲಿನಿಂದ ನಮೂದಿಸಬೇಕು.

25,000ದ ಮಿತಿ ಇದೆ ಎಂದು 60,000ವನ್ನು ಮೂರು ತುಂಡು ಮಾಡಿ ಕಳಿಸುವವರಿದ್ದಾರೆ. ದಯವಿಟ್ಟು ಬೇಡ. ಆಡಿಟ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದೇ ಇದು.

ಇನ್ನೊಂದು ಸಾಮಾನ್ಯ ಕಾರಣ, ಪದಾಧಿಕಾರಿಗಳು ಬದಲಾಗಿದ್ದಾರೆ, ಬ್ಯಾಂಕಿಗೆ ಹೇಳಿಲ್ಲ. ಹಳೆಯ ಅಧ್ಯಕ್ಷರು ಮನೆ ಮಾರಿ ಹೋಗಿರುತ್ತಾರೆ, ಬ್ಯಾಂಕು ಇನ್ನೂ ಅವರ ಒಪ್ಪಿಗೆಯನ್ನೇ ಕೇಳುತ್ತಿರುತ್ತದೆ. ಹೊಸ ಸಹಿದಾರರನ್ನು ಹೆಸರಿಸಿದ ಠರಾವಿನ ಪ್ರತಿ, ಅವರ ಆಧಾರ್, ಪ್ಯಾನ್, ಫೋಟೊ, ಮಾದರಿ ಸಹಿ ಕೊಡಬೇಕು. ಸ್ತ್ರೀಶಕ್ತಿ ಸಂಘದ ಖಾತೆಗಳಲ್ಲೂ ಪ್ರತಿನಿಧಿಗಳು ಬದಲಾದಾಗ ಹೀಗೇ ಆಗುತ್ತದೆ.

ನಮ್ಮ ಖಾತೆ ಐದರ್ ಆರ್ ಸರ್ವೈವರ್. ನಿನ್ನೆಯವರೆಗೆ ನಡೆಯುತ್ತಿತ್ತು, ಇವತ್ತು ಇಬ್ಬರಿಗೂ ಆಗುತ್ತಿಲ್ಲ.

ಇಬ್ಬರಲ್ಲಿ ಒಬ್ಬರು ‘ವಹಿವಾಟು ನಿಲ್ಲಿಸಿ’ ಎಂದು ಬ್ಯಾಂಕಿಗೆ ಬರೆದುಕೊಟ್ಟಿರಬಹುದು. ಮನಸ್ತಾಪ ಬಂದಾಗ ಇದು ಸಾಮಾನ್ಯ. ನಿಲ್ಲಿಸಲು ಒಬ್ಬರ ಪತ್ರ ಸಾಕು, ಮತ್ತೆ ಶುರು ಮಾಡಲು ಇಬ್ಬರೂ ಸಹಿ ಹಾಕಬೇಕು. ಯಾರು ಸರಿ ಎಂದು ತೀರ್ಮಾನಿಸುವುದು ಮ್ಯಾನೇಜರ್ ಕೆಲಸವಲ್ಲ. ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಇಬ್ಬರೂ ಒಪ್ಪದಿದ್ದರೆ ಕೋರ್ಟಿನ ಆದೇಶವೇ ಬೇಕಾಗುತ್ತದೆ.

ನನ್ನ ಖಾತೆಯಿಂದ ದುಡ್ಡು ಕಡಿತವಾಗಿದೆ, ಆದರೆ ಅವರಿಗೆ ಸೇರಿಲ್ಲ. ಇದೂ ಸಹಿಯ ತೊಂದರೆಯೇ?

ಸಾಮಾನ್ಯವಾಗಿ ಅಲ್ಲ. ನಿಮ್ಮ ಕಡೆಯ ಅನುಮತಿಯ ತೊಂದರೆಯಾದರೆ ದುಡ್ಡು ಕಡಿತವೇ ಆಗುವುದಿಲ್ಲ. ಕಡಿತವಾಗಿದೆ ಎಂದರೆ ಬ್ಯಾಂಕು ನಿಮ್ಮ ಹಕ್ಕನ್ನು ಒಪ್ಪಿ ಕಳಿಸಿದೆ, ಅಡ್ಡಿ ಬಂದಿರುವುದು ದಾರಿಯಲ್ಲಿ ಅಥವಾ ಪಡೆಯುವವರ ಖಾತೆಯಲ್ಲಿ. ಯುಪಿಐ ಮತ್ತು ಐಎಂಪಿಎಸ್ ಆದರೆ ಮಾರನೆಯ ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ನಿಯಮ ಹೇಳುತ್ತದೆ.

ಎಲ್ಲ ಕಾಗದ ಕೊಟ್ಟರೂ ಶಾಖೆಯವರು ಸೂಚನೆ ಬದಲಿಸುತ್ತಿಲ್ಲ. ಯಾರಿಗೆ ಹೇಳುವುದು?

ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಆಗದು ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಎಷ್ಟೋ ಸಲ ಅಲ್ಲಿಗೇ ಕೆಲಸ ಆಗಿಬಿಡುತ್ತದೆ. ಆಗದಿದ್ದರೆ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಕೊಡಬಹುದು. ಶುಲ್ಕವಿಲ್ಲ. ಸೀಲು ಹಾಕಿದ ಆ ಪ್ರತಿಯನ್ನು ಅಲ್ಲಿ ಲಗತ್ತಿಸಬೇಕು.